ತಡೆಗೋಡೆಯ ಬಿರುಕು: ಕಂಡದ್ದೆಷ್ಟು, ಊಹಿಸಿದ್ದೆಷ್ಟು?

ಗುಡ್ಡದ ಬರೆಯನ್ನು ಕಡಿದು ಅಂಗಳ ಮಾಡಿ ಕಟ್ಟಿದ ಶಾಲೆಗಳು ಕಾಸರಗೋಡಿನ ಕಡೆ ಹೆಚ್ಚು. ಮೇಲೆ ಆಟದ ಬಯಲು, ಕೆಳಗೆ ತರಗತಿಗಳು, ನಡುವೆ ಮುರಕಲ್ಲಿನ ತಡೆಗೋಡೆ. ಆಷಾಢದ ಮಳೆಯಲ್ಲಿ ಅಂತಹ ಗೋಡೆಯಲ್ಲೊಂದು ಬಿರುಕು ಕಾಣಿಸಿದರೆ ಅದರ ಕಾರಣ ಹೇಳುವವರಿಗೆ ಊರಿನಲ್ಲಿ ಬರವಿಲ್ಲ. ಸಿಮೆಂಟು ಕಡಿಮೆ ಹಾಕಿದ್ದಾರೆ ಎಂದೊಬ್ಬರು, ಹಲಸಿನ ಬೇರು ತಳ್ಳಿದೆ ಎಂದು ಮತ್ತೊಬ್ಬರು, ಈ ವರ್ಷದ ಮಳೆಯೇ ಹಾಗೆ ಎಂದು ಮಗುದೊಬ್ಬರು. ಮೂವರೂ ನೋಡಿದ್ದು ಒಂದೇ ಬಿರುಕನ್ನು. ಹೇಳುತ್ತಿರುವುದು ಮಾತ್ರ ನೋಡಿದ್ದನ್ನಲ್ಲ.

ಈ ವ್ಯತ್ಯಾಸವೇ ನ್ಯಾಯಾಲಯಕ್ಕೆ ಸಲ್ಲಿಕೆಯಾಗುವ ತಜ್ಞವರದಿಯ ಜೀವಾಳ. ಅಂತಹದೊಂದು ವರದಿಯನ್ನು ಇಲ್ಲಿ ಬಿಡಿಸಿ ನೋಡೋಣ. ಶಾಲೆಯ ಹೆಸರಾಗಲಿ ಕಕ್ಷಿಗಳ ಹೆಸರಾಗಲಿ ನಮಗೆ ಅಗತ್ಯವಿಲ್ಲ. ಒಂದು ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆ. ಹನ್ನೊಂದು ವರ್ಷದ ಹಿಂದೆ ಕಟ್ಟಿದ ಗೋಡೆ. ಅದರ ಬುಡದಿಂದ ಎರಡೇ ಮೀಟರು ದೂರದಲ್ಲಿ ಮೂರನೆಯ ಮತ್ತು ನಾಲ್ಕನೆಯ ತರಗತಿಗಳ ಬಾಗಿಲು. ಕಳಪೆ ಕಾಮಗಾರಿಯೆಂದು ಶಾಲೆಯ ಕಡೆಯವರು ಗುತ್ತಿಗೆದಾರನ ಮೇಲೆ ದಾವೆ ಹೂಡಿದರು. ಗುತ್ತಿಗೆದಾರ ಹಲಸಿನ ಮರವನ್ನು ತೋರಿಸಿದ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೆಯ ಆದೇಶದ 9ನೆಯ ನಿಯಮದಂತೆ ಸ್ಥಳತನಿಖೆಗೆ ನ್ಯಾಯಾಲಯ ವಕೀಲ ಕಮಿಷನರರನ್ನು ನೇಮಿಸಿತು. ಅವರಿಗೆ ನೆರವಾಗಿ ಒಬ್ಬ ಇಂಜಿನಿಯರ್ ಬಂದರು. ಈ ಇಂಜಿನಿಯರರ ವರದಿಯೇ ನಮ್ಮ ವಿಷಯ.

ಮೊದಲ ಭಾಗ: ಕಣ್ಣು ಮತ್ತು ಅಳತೆಪಟ್ಟಿ

ವರದಿಯ ಮೊದಲ ಭಾಗಕ್ಕೆ ‘ಅವಲೋಕನಗಳು’ ಎಂಬ ತಲೆಬರಹ. ಈ ಭಾಗದಲ್ಲಿ ‘ಆದ್ದರಿಂದ’, ‘ಕಾರಣ’, ‘ಪರಿಣಾಮವಾಗಿ’ ಎಂಬ ಮಾತುಗಳು ಒಮ್ಮೆಯೂ ಬರುವುದಿಲ್ಲ. ಇನ್ನೊಬ್ಬ ಇಂಜಿನಿಯರ್ ಅದೇ ದಿನ ಅದೇ ಉಪಕರಣ ಹಿಡಿದು ಅದೇ ಜಾಗಕ್ಕೆ ಹೋಗಿದ್ದರೆ ಅವರೂ ಬರೆಯಬೇಕಾಗುತ್ತಿದ್ದ ಸಂಗತಿಗಳು ಮಾತ್ರ ಅಲ್ಲಿವೆ. ಸಂಗತಿಯನ್ನು ಅಭಿಪ್ರಾಯದಿಂದ ಬೇರ್ಪಡಿಸಲು ಇದಕ್ಕಿಂತ ಸರಳವಾದ ಒರೆಗಲ್ಲು ಇಲ್ಲ.

ಗೋಡೆಯ ಉದ್ದ 24 ಮೀಟರು, ನೆಲದಿಂದ ಎತ್ತರ 3 ಮೀಟರು. ತಲೆಯಲ್ಲಿ ದಪ್ಪ 45 ಸೆಂಟಿಮೀಟರು. ಬುಡದ ದಪ್ಪವನ್ನು ನಕ್ಷೆಯಿಂದ ಎತ್ತಿಕೊಳ್ಳದೆ ಎರಡು ಕಡೆ ತೂತು ಕೊರೆದು ಅಳೆದರು: 120 ಸೆಂಟಿಮೀಟರು. ಗೋಡೆಯ ಮೇಲಿನ ಪ್ರತಿಯೊಂದು ಸ್ಥಾನವನ್ನೂ ರಸ್ತೆಯ ಕಡೆಯ ತುದಿಯಿಂದ ಇಷ್ಟು ಮೀಟರು ಎಂದು ಗುರುತಿಸಿದರು.

ಬಿರುಕು ಒಂದೆಂದು ಎಲ್ಲರೂ ಭಾವಿಸಿದ್ದರು. ವರದಿಯಲ್ಲಿ ಅದು ಎರಡಾಯಿತು. ಮೊದಲನೆಯದು 6ನೆಯ ಮೀಟರಿನಲ್ಲಿ ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಇಳಿದ ಬಿರುಕು. ಅಗಲ ಎಲ್ಲ ಕಡೆಯೂ ಸುಮಾರು 1 ಮಿಲಿಮೀಟರು. ಅದರ ಒಳಗಿನ ಅಂಚುಗಳ ಮೇಲೆ ಗೋಡೆಯ ಬಣ್ಣ ಇಳಿದಿದೆ. ಎರಡನೆಯದು ನೆಲದಿಂದ ಒಂದು ಮೀಟರು ಎತ್ತರದಲ್ಲಿ, ಗಾರೆಯ ಸಂದಿನಲ್ಲೇ ಅಡ್ಡಲಾಗಿ 9ನೆಯ ಮೀಟರಿನಿಂದ 17ನೆಯ ಮೀಟರಿನವರೆಗೆ ಸಾಗುತ್ತದೆ. ಅದರ ಅಗಲ 13ನೆಯ ಮೀಟರಿನಲ್ಲಿ ಗರಿಷ್ಠ, 6 ಮಿಲಿಮೀಟರು; ಎರಡೂ ಬದಿಗೆ ಹೋದಂತೆ ಕಿರಿದಾಗುತ್ತದೆ. ಅಂಚುಗಳು ಹರಿತವಾಗಿವೆ, ಒಳಗೆ ಬಣ್ಣವಿಲ್ಲ, ಪಾಚಿಯಿಲ್ಲ. ಬಿರುಕಿನ ಮೇಲಿನ ಕಲ್ಲುಸಾಲು ಕೆಳಗಿನ ಸಾಲಿಗಿಂತ 8 ಮಿಲಿಮೀಟರು ಮುಂದಕ್ಕೆ ಚಾಚಿದೆ.

ಗೋಡೆಯ ತಲೆಯಿಂದ ತೂಗುಗುಂಡು ಇಳಿಬಿಟ್ಟು ನೋಡಿದಾಗ 13ನೆಯ ಮೀಟರಿನಲ್ಲಿ ತಲೆಯು ಬುಡಕ್ಕಿಂತ 40 ಮಿಲಿಮೀಟರು ಹೊರಗಿತ್ತು. ಎರಡು ತುದಿಗಳಲ್ಲಿ 5 ಮಿಲಿಮೀಟರು ಮಾತ್ರ. ನೀರು ಹೊರಹೋಗಲು ಬಿಟ್ಟ ಕಂಡಿಗಳು ಹದಿನಾರು. ಪ್ರತಿಯೊಂದರೊಳಗೂ ಕಬ್ಬಿಣದ ಸರಳು ತೂರಿಸಿದರು. ಏಳರಲ್ಲಿ ಅದು ಗೋಡೆಯ ಹಿಂಬದಿಯವರೆಗೆ ಹೋಯಿತು. ಒಂಬತ್ತರಲ್ಲಿ 20 ಸೆಂಟಿಮೀಟರಿಗೂ ಮೊದಲೇ ತಡೆಯಿತು. ಅಡ್ಡ ಬಿರುಕಿನ ವ್ಯಾಪ್ತಿಯೊಳಗಿನ ಐದು ಕಂಡಿಗಳೂ ಈ ಒಂಬತ್ತರಲ್ಲಿ ಸೇರಿವೆ. ಇಲ್ಲಿ ಇಂಜಿನಿಯರರ ಪದಗಳನ್ನು ಗಮನಿಸಬೇಕು. ‘ಗುತ್ತಿಗೆದಾರ ಕಂಡಿಗಳನ್ನು ಮುಚ್ಚಿದ್ದಾನೆ’ ಎಂದು ಅವರು ಬರೆಯಲಿಲ್ಲ. ‘ಮಣ್ಣು ಕಟ್ಟಿಕೊಂಡಿದೆ’ ಎಂದೂ ಬರೆಯಲಿಲ್ಲ. ‘ಸರಳು ತಡೆಯಿತು’ ಎಂದಷ್ಟೇ ಬರೆದರು. ಕಂಡದ್ದು ಅಷ್ಟೇ.

ಬಳಿಕ ಅವರು ಗೋಡೆಯ ಮೇಲಿನ ಬಯಲಿಗೆ ಹೋದರು. ಗೋಡೆಯಿಂದ 80 ಸೆಂಟಿಮೀಟರು ಹಿಂದೆ, ಗೋಡೆಗೆ ಸಮಾನಾಂತರವಾಗಿ ಏಳು ಮೀಟರು ಉದ್ದಕ್ಕೆ ನೆಲವೇ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಬಾಯಿಬಿಟ್ಟಿತ್ತು. ಮೇಲಿನ ಚರಂಡಿ ಮಣ್ಣು ತುಂಬಿ ನೆಲಕ್ಕೆ ಸಮವಾಗಿತ್ತು. ಒಂದು ಕಡೆ 60 ಸೆಂಟಿಮೀಟರು ಆಳದ ಗುಂಡಿ ತೋಡಿದಾಗ ಗೋಡೆಗೆ ಒತ್ತಿಕೊಂಡಂತೆ ಕೆಂಪು ಮಣ್ಣು ಮಾತ್ರ ಸಿಕ್ಕಿತು. ನೀರು ಬಸಿಯಲು ಹಾಕುವ ಜಲ್ಲಿಯ ಪದರ ಕಾಣಲಿಲ್ಲ. ಹಲಸಿನ ಮರ 22ನೆಯ ಮೀಟರಿನ ನೇರಕ್ಕೆ, ಗೋಡೆಯಿಂದ ಐದು ಮೀಟರು ಹಿಂದೆ ನಿಂತಿದೆ. ಅದರ ನೇರಕ್ಕೆ ಗೋಡೆಯಲ್ಲಿ ಎರಡೂ ಬದಿಗೆ ಎರಡೆರಡು ಮೀಟರಿನೊಳಗೆ ಯಾವ ಬಿರುಕೂ ಇಲ್ಲ.

ಇನ್ನೊಂದು ವಸ್ತುವೂ ಅಲ್ಲಿತ್ತು. ಬಯಲಿನ ಅಂಚಿನಲ್ಲಿ ಮಕ್ಕಳು ಊಟಕ್ಕೆ ಮೊದಲು ಕೈತೊಳೆಯುವ ನಳ್ಳಿಗಳ ಸಾಲು. ಎರಡು ವರ್ಷದ ಹಿಂದೆ ರಕ್ಷಕ-ಶಿಕ್ಷಕ ಸಂಘದವರೇ ಚಂದಾ ಎತ್ತಿ ಮಾಡಿಸಿದ್ದು. ಅದರ ಕೊಳೆನೀರಿನ ಪೈಪು ಚರಂಡಿ ಮುಟ್ಟದೆ 13ನೆಯ ಮೀಟರಿನ ಹತ್ತಿರ ಮಣ್ಣಿನಲ್ಲಿ ಕೊನೆಗೊಂಡಿತ್ತು. ಮಳೆಯಿಲ್ಲದ ಒಂದು ಬೆಳಿಗ್ಗೆ ಇಂಜಿನಿಯರರು ಆ ತೊಟ್ಟಿಗೆ ಬಣ್ಣದ ನೀರು ಸುರಿದು ಇಪ್ಪತ್ತು ನಿಮಿಷ ನಳ್ಳಿಗಳನ್ನು ತೆರೆದಿಟ್ಟರು. ನಳ್ಳಿ ತೆರೆದ ಐವತ್ತನೆಯ ನಿಮಿಷಕ್ಕೆ ಅಡ್ಡ ಬಿರುಕಿನಿಂದ ಅದೇ ಬಣ್ಣದ ನೀರು ಒಸರಿತು. ಇದೂ ಸಂಗತಿಯೇ, ಸಮಯ, ಸ್ಥಳ, ಛಾಯಾಚಿತ್ರಗಳೊಂದಿಗೆ ದಾಖಲಾಯಿತು.

ಗಾಜಿನ ಪಟ್ಟಿ ಹೇಳಿದ್ದು

ಒಂದು ದಿನ ನೋಡಿದ ಬಿರುಕು ಒಂದು ಛಾಯಾಚಿತ್ರದಂತೆ. ಅದು ಹಳೆಯ ಗಾಯದ ಕಲೆಯೋ ಇನ್ನೂ ಹರಿಯುತ್ತಿರುವ ಗಾಯವೋ ಎಂಬುದನ್ನು ಅದೊಂದೇ ಹೇಳಲಾರದು. ಇದನ್ನು ತಿಳಿಯಲು ಬಿರುಕಿನ ಎರಡು ದಡಗಳಿಗೂ ಅಂಟುವಂತೆ ತೆಳುವಾದ ಗಾಜಿನ ಪಟ್ಟಿಯನ್ನು ಕೂಡಿಸಿ ದಿನಾಂಕ ಬರೆಯುತ್ತಾರೆ. ಗಾಜು ಹಿಗ್ಗದು, ದಡಗಳು ಸ್ವಲ್ಪ ಸರಿದರೂ ಒಡೆಯುತ್ತದೆ. ಎಷ್ಟು ಸರಿಯಿತೆಂದು ತಿಳಿಯಲು ಎರಡು ದಡಗಳಲ್ಲೂ ಮೊಳೆ ನೆಟ್ಟು ಅವುಗಳ ನಡುವಿನ ಅಂತರವನ್ನು ಮತ್ತೆ ಮತ್ತೆ ಅಳೆಯುತ್ತಾರೆ.

ಇಲ್ಲಿ ಮೂರು ಕಡೆ ಗಾಜು ಕೂಡಿಸಲಾಯಿತು. ಇಪ್ಪತ್ತೆಂಟು ದಿನಗಳ ಬಳಿಕ ನೋಡಿದಾಗ 6ನೆಯ ಮೀಟರಿನ ನೆಟ್ಟ ಬಿರುಕಿನ ಗಾಜು ಇಡಿಯಾಗಿತ್ತು. ಅಡ್ಡ ಬಿರುಕಿನ ತುದಿಯಲ್ಲಿದ್ದ ಗಾಜೂ ಇಡಿಯಾಗಿತ್ತು. 13ನೆಯ ಮೀಟರಿನದು ಒಡೆದಿತ್ತು. ಅಲ್ಲಿ ಬಿರುಕಿನ ಅಗಲ 6 ಮಿಲಿಮೀಟರಿನಿಂದ 6.8ಕ್ಕೆ ಏರಿತ್ತು.

ಹೆಚ್ಚಿದ್ದು ಒಂದು ಮಿಲಿಮೀಟರೂ ಇಲ್ಲ. ಆದರೆ ಇಡೀ ವರದಿಯಲ್ಲಿ ಮಕ್ಕಳ ಪಾಲಿಗೆ ಅತ್ಯಂತ ಮುಖ್ಯವಾದ ಅಂಕಿ ಇದೇ. ಗೋಡೆ ಚಲಿಸುತ್ತಿದೆ ಎಂಬುದು ಇನ್ನು ಯಾರ ಅಭಿಪ್ರಾಯವೂ ಅಲ್ಲ.

ಎರಡನೆಯ ಭಾಗ: ಕಾರಣದ ಕುರಿತು ಅಭಿಪ್ರಾಯ

ಇಲ್ಲಿಂದ ವರದಿಯ ಧ್ವನಿ ಬದಲಾಗುತ್ತದೆ. ಪ್ರತಿಯೊಂದು ಅಭಿಪ್ರಾಯವೂ ಮೊದಲ ಭಾಗದ ಯಾವ ಅವಲೋಕನವನ್ನು ಅವಲಂಬಿಸಿದೆ ಎಂಬುದನ್ನು ಕ್ರಮಸಂಖ್ಯೆ ಸಹಿತ ಹೇಳಿ, ಅದರ ಬಲವನ್ನು ನಾಲ್ಕು ಮೆಟ್ಟಿಲುಗಳಲ್ಲಿ ಗುರುತಿಸಲಾಗಿದೆ: ಖಚಿತ, ಬಹುಮಟ್ಟಿಗೆ ಸಂಭವ, ಸಾಧ್ಯ, ಆಧಾರವಿಲ್ಲ.

ನೆಟ್ಟ ಬಿರುಕಿನ ವಿಷಯ ಬೇಗ ಮುಗಿಯುತ್ತದೆ. ನಾಲ್ಕು ವರ್ಷದ ಹಿಂದೆ ಗೋಡೆಗೆ ಬಣ್ಣ ಬಳಿದದ್ದಕ್ಕೆ ಶಾಲೆಯ ರಶೀದಿಯಿದೆ. ಬಣ್ಣ ಬಿರುಕಿನ ಒಳಗೂ ಇಳಿದಿರುವುದರಿಂದ ಬಿರುಕು ಅದಕ್ಕಿಂತ ಹಳೆಯದು, ಇದು ಖಚಿತ. ಅಗಲ ಎಲ್ಲೆಡೆ ಒಂದೇ ಆಗಿದ್ದು ಯಾವ ಬದಿಯೂ ಮುಂದೆ ಬಂದಿಲ್ಲ, ಗಾಜೂ ಒಡೆದಿಲ್ಲ. 24 ಮೀಟರು ಉದ್ದದ ಗೋಡೆಯನ್ನು ನಡುವೆ ಎಲ್ಲೂ ಸಂದು ಬಿಡದೆ ಕಟ್ಟಿದಾಗ ಬಿಸಿಲು-ತಂಪಿಗೆ ಹಿಗ್ಗಿ ಕುಗ್ಗಿ ಮೂಡಿದ ಬಿರುಕು ಇದೆಂಬುದು ಬಹುಮಟ್ಟಿಗೆ ಸಂಭವ. ಇದರಿಂದ ಸದ್ಯ ಅಪಾಯವಿಲ್ಲ.

ಅಡ್ಡ ಬಿರುಕಿನದು ಬೇರೆಯೇ ಕಥೆ. ಮೇಲಿನ ಕಲ್ಲುಸಾಲು ಮುಂದೆ ಸರಿದಿದೆ, ನಡುಭಾಗ ತುದಿಗಳಿಗಿಂತ ಹೊರಬಾಗಿದೆ, ಹಿಂದಿನ ನೆಲ ಗೋಡೆಗೆ ಸಮಾನಾಂತರವಾಗಿ ಬಿರಿದಿದೆ. ಮೂರೂ ಒಂದೇ ದಿಕ್ಕನ್ನು ತೋರುತ್ತವೆ: ಹಿಂದಿನಿಂದ ಒತ್ತಡ. ತಳಪಾಯ ಕುಸಿದಿದ್ದರೆ ಬಿರುಕು ಸಾಮಾನ್ಯವಾಗಿ ಕಲ್ಲುಗಳ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರುತ್ತದೆ; ಇಲ್ಲಿ ಅದು ಕಾಣುವುದಿಲ್ಲ.

ಆದರೆ ಹನ್ನೊಂದು ವರ್ಷ ನಿಂತ ಗೋಡೆಯ ಮೇಲೆ ಒತ್ತಡ ಈಗ ಹೆಚ್ಚಿದ್ದೇಕೆ? ಇದಕ್ಕೆ ವರದಿಯಲ್ಲಿ ಒಂದು ಲೆಕ್ಕವಿದೆ. ಮೂರು ಮೀಟರು ಎತ್ತರದ ಗೋಡೆಯ ಹಿಂದಿನ ಮಣ್ಣು, ನೀರು ಬಸಿದು ಹೋಗುತ್ತಿರುವಾಗ, ಒಂದು ಮೀಟರು ಉದ್ದದ ಗೋಡೆಯನ್ನು ಸುಮಾರು ಎರಡೂ ಮುಕ್ಕಾಲು ಟನ್ನಿನಷ್ಟು ಬಲದಿಂದ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ತಲೆಯವರೆಗೂ ನೀರು ನಿಂತರೆ ಆ ಬಲ ಆರು ಟನ್ನಿಗೆ ಸಮೀಪಿಸುತ್ತದೆ. ಮಣ್ಣಿನ ಕಣಗಳು ಒಂದಕ್ಕೊಂದು ತಾಗಿ ತಮ್ಮ ಭಾರವನ್ನು ತಾವೇ ಸ್ವಲ್ಪ ಹೊರುತ್ತವೆ. ನೀರು ಹಾಗೆ ಹೊರುವುದಿಲ್ಲ, ಪೂರ್ತಿಯಾಗಿ ಗೋಡೆಗೆ ಒರಗುತ್ತದೆ. ಅಳೆದ ದಪ್ಪವನ್ನು ಹಿಡಿದು ಲೆಕ್ಕ ಹಾಕಿದರೆ, ನೀರಿಲ್ಲದಾಗ ಈ ಗೋಡೆಯ ಪ್ರತಿರೋಧ ಅದನ್ನು ಉರುಳಿಸುವ ಬಲದ ಒಂದೂವರೆ ಪಟ್ಟು. ನೀರು ತುಂಬಿ ನಿಂತಾಗ ಅದು ಒಂದು ಪಟ್ಟಿಗೂ ಕಡಿಮೆ. ಒಣಗಿದಾಗ ನಿಲ್ಲುವ ಗೋಡೆ, ನೀರು ಕಟ್ಟಿಕೊಂಡರೆ ನಿಲ್ಲದ ಗೋಡೆ.

ಹಾಗಾಗಿ ಗೋಡೆಯ ಹಿಂದೆ ನಿಂತ ನೀರಿನ ಒತ್ತಡವೇ ಅಡ್ಡ ಬಿರುಕಿನ ಕಾರಣವೆಂಬುದು ಬಹುಮಟ್ಟಿಗೆ ಸಂಭವ ಎಂದು ವರದಿ ಹೇಳುತ್ತದೆ. ಖಚಿತ ಎನ್ನುವುದಿಲ್ಲ. ಬಿರುಕು ಮೊದಲು ಮೂಡಿದ ದಿನ ಹಿಂದೆ ಎಷ್ಟು ಎತ್ತರಕ್ಕೆ ನೀರು ನಿಂತಿತ್ತೆಂಬುದನ್ನು ಯಾರೂ ಅಳೆದಿಲ್ಲ. ನಡುಭಾಗದ 40 ಮಿಲಿಮೀಟರಿನ ವಾಲುವಿಕೆಯಲ್ಲೂ ಕಟ್ಟುವಾಗಲೇ ಇದ್ದದ್ದು ಎಷ್ಟು, ಬಳಿಕ ಬಂದದ್ದು ಎಷ್ಟು ಎಂದು ಬಿಡಿಸಲು ದಾಖಲೆಯಿಲ್ಲ.

ನೀರು ನಿಲ್ಲಲು ಕಾರಣಗಳು ಮೂರು: ಹಿಂದೆ ಜಲ್ಲಿಯ ಪದರವಿಲ್ಲದಿರುವುದು, ಮೇಲಿನ ಚರಂಡಿ ತುಂಬಿರುವುದು, ನಳ್ಳಿಯ ಪೈಪು ಮಣ್ಣಿನಲ್ಲಿ ಕೊನೆಗೊಂಡಿರುವುದು. ಮೊದಲನೆಯದು ಕಟ್ಟಿದವನ ಕಡೆಗೂ ಎರಡನೆಯದು ನೋಡಿಕೊಳ್ಳುವವರ ಕಡೆಗೂ ಮೂರನೆಯದು ಚಂದಾ ಎತ್ತಿದ ತಂದೆತಾಯಂದಿರ ಕಡೆಗೂ ಬೆರಳು ತೋರುತ್ತದೆ. ಮೂರೂ ಪಾಲುಗೊಂಡಿರುವುದು ಸಂಭವ. ಯಾವುದರ ಪಾಲು ಎಷ್ಟೆಂದು ಈ ಪರೀಕ್ಷೆಗಳಿಂದ ಬೇರ್ಪಡಿಸಲಾಗದು. ಜಲ್ಲಿಯ ಪದರದ ಬಗೆಗೂ ಒಂದು ಎಚ್ಚರಿಕೆಯಿದೆ: ತೋಡಿದ್ದು ಒಂದೇ ಗುಂಡಿ, ಅದೂ 60 ಸೆಂಟಿಮೀಟರು ಆಳ, 24 ಮೀಟರಿಗೂ ಅದೇ ಸ್ಥಿತಿ ಎನ್ನುವುದು ಊಹೆ.

ಉಳಿದದ್ದು ಊರಿನ ಎರಡು ವಾದಗಳು. ಹಲಸಿನ ಬೇರಿನ ವಾದಕ್ಕೆ ಆಧಾರವಿಲ್ಲ. ಮರದ ನೇರಕ್ಕೆ ಬಿರುಕಿಲ್ಲ, ಗುಂಡಿಯಲ್ಲಿ ಕಿರುಬೆರಳಿಗಿಂತ ದಪ್ಪದ ಬೇರು ಸಿಗಲಿಲ್ಲ. ಸಿಮೆಂಟು ಕಡಿಮೆಯಾಗಿದೆ ಎಂಬ ವಾದಕ್ಕೂ ಆಧಾರವಿಲ್ಲ. ಬೀಗದ ಕೈಯಿಂದ ಕೆರೆದರೆ ಗಾರೆ ಉದುರುತ್ತದೆಂದು ಸಂಘದವರು ತೋರಿಸಿದ್ದರು. ಉದುರಿದ್ದು ನಿಜ, ಅದನ್ನು ವರದಿ ದಾಖಲಿಸಿದೆ. ಆದರೆ ಪ್ರಯೋಗಾಲಯದಲ್ಲಿ ಗಾರೆಯ ಪರೀಕ್ಷೆ ನಡೆದಿಲ್ಲ. ಕೀಲಿಕೈ ಪ್ರಯೋಗಾಲಯವಲ್ಲ.

ಹಾಂಗ್‌ಕಾಂಗಿನ ಒಂದು ಪಾಠ

ದಪ್ಪವನ್ನು ತೂತು ಕೊರೆದೇ ಅಳೆಯಬೇಕೆಂಬ ಹಟ, ಬಣ್ಣದ ನೀರಿನ ಪರೀಕ್ಷೆ ಇವೆಲ್ಲ ಅತಿಯಾಯಿತೆಂದು ತೋರಬಹುದು. 1994ರ ಜುಲೈ 23ರಂದು ಹಾಂಗ್‌ಕಾಂಗಿನ ಕ್ವುನ್ ಲುಂಗ್ ಲಾವ್ ವಸತಿಸಮುಚ್ಚಯದ ಬಳಿ ಹಳೆಯ ಕಲ್ಲಿನ ತಡೆಗೋಡೆಯೊಂದು ಕುಸಿದು ಐವರು ಸತ್ತರು. ಭಾರಿ ಮಳೆಯ ದಿನಗಳವು. ಮಳೆಯೇ ಕಾರಣವೆಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ತನಿಖೆ ನಡೆಸಿದ ಕೆನಡಾದ ಪ್ರೊಫೆಸರ್ ಮಾರ್ಗನ್‌ಸ್ಟರ್ನ್ ಅವರ ವರದಿ ಎರಡು ಸಂಗತಿಗಳನ್ನು ಹೊರಗೆಳೆಯಿತು: ನೆಲದಡಿಯ ದೋಷಪೂರಿತ ಕೊಳವೆಗಳಿಂದ ಗೋಡೆಯ ಹಿಂದಿನ ಮಣ್ಣಿಗೆ ನೀರು ಸೋರುತ್ತಿತ್ತು; ಗೋಡೆಯು ಹಿಂದಿನ ಪರಿಶೀಲನೆಯಲ್ಲಿ ಭಾವಿಸಿದ್ದಕ್ಕಿಂತ ಬಹಳ ತೆಳುವಾಗಿತ್ತು. ಎದುರಿನಿಂದ ನೋಡಿದರೆ ಗೋಡೆಯ ದಪ್ಪ ಕಾಣುವುದಿಲ್ಲ. ಕಾಣದ್ದನ್ನು ಕಂಡಂತೆ ಬರೆದರೆ ಬಳಿಕದ ಲೆಕ್ಕವೆಲ್ಲ ಗಾಳಿಯಲ್ಲಿ ನಿಲ್ಲುತ್ತದೆ.

ಕಾನೂನು ಕೇಳುವುದೇನು?

ಸಾಕ್ಷಿಯು ಕಂಡದ್ದನ್ನು ಹೇಳಬೇಕು, ಊಹೆಯನ್ನಲ್ಲ ಎಂಬುದು ಸಾಕ್ಷ್ಯಕಾನೂನಿನ ಮೂಲ ನಿಯಮ. ತಜ್ಞನಿಗೆ ಅಭಿಪ್ರಾಯ ಹೇಳುವ ವಿನಾಯಿತಿಯಿದೆ. 1872ರ ಕಾಯಿದೆಯಲ್ಲಿ ಇದು 45ನೆಯ ಕಲಮು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 39ನೆಯದು. ಅಭಿಪ್ರಾಯ ಪ್ರಸ್ತುತವಾದಾಗ ಅದರ ಆಧಾರಗಳೂ ಪ್ರಸ್ತುತ ಎನ್ನುತ್ತದೆ ಅದೇ ಅಧಿನಿಯಮದ 45ನೆಯ ಕಲಮು. ಹಿಮಾಚಲ ಪ್ರದೇಶ ಸರಕಾರ ಮತ್ತು ಜೈ ಲಾಲ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿತು: ತಜ್ಞನ ಕರ್ತವ್ಯ ತೀರ್ಪು ಕೊಡುವುದಲ್ಲ, ತನ್ನ ತೀರ್ಮಾನ ಸರಿಯೇ ಎಂದು ನ್ಯಾಯಾಧೀಶರೇ ಪರೀಕ್ಷಿಸಲು ಬೇಕಾದ ವೈಜ್ಞಾನಿಕ ಮಾನದಂಡಗಳನ್ನು ಒದಗಿಸುವುದು.

ಪಾಟೀಸವಾಲಿನಲ್ಲಿ ಇದರ ಬೆಲೆ ತಿಳಿಯುತ್ತದೆ. ‘ಕಳಪೆ ಕಾಮಗಾರಿಯಿಂದ ಗೋಡೆ ಬಿರುಕು ಬಿಟ್ಟಿದೆ’ ಎಂಬ ಒಂದೇ ವಾಕ್ಯದ ವರದಿಯಿದ್ದರೆ ಎದುರು ವಕೀಲರಿಗೆ ‘ಹೇಗೆ ಗೊತ್ತಾಯಿತು?’ ಎಂಬ ಒಂದು ಪ್ರಶ್ನೆ ಸಾಕು. ಆ ವಾಕ್ಯ ಬಿದ್ದರೆ ಅದರೊಳಗೆ ಸೇರಿಕೊಂಡ ಅಳತೆಗಳೂ ಜೊತೆಗೇ ಬೀಳುತ್ತವೆ. ಎರಡನ್ನೂ ಬೇರೆಬೇರೆಯಾಗಿ ಇಟ್ಟ ವರದಿಯಲ್ಲಿ ಅಭಿಪ್ರಾಯ ಅಲುಗಾಡಿದರೂ 6.8 ಮಿಲಿಮೀಟರು ಅಲುಗಾಡುವುದಿಲ್ಲ.

ಭಾಷೆ ದಾಟುವಾಗ

ನಮ್ಮಂತಹ ಗಡಿಯಾಚೆಯ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ವರದಿ ಇಂಗ್ಲಿಷಿನಲ್ಲಿ ಬರುತ್ತದೆ, ಕಚೇರಿಯ ಟಿಪ್ಪಣಿ ಮಲಯಾಳದಲ್ಲಿ, ಸಂಘದ ಸಭೆಯಲ್ಲಿ ಅದರ ಸಾರಾಂಶ ಕನ್ನಡದಲ್ಲಿ. ಈ ಪ್ರಕರಣದಲ್ಲೂ ‘ನೀರಿನ ಒತ್ತಡಕ್ಕೆ ಹೊಂದಿಕೆಯಾಗುವ ಲಕ್ಷಣಗಳು’ ಎಂಬುದು ಸಭೆಗೆ ತಲಪುವಷ್ಟರಲ್ಲಿ ‘ನೀರು ಬಿಡದ್ದರಿಂದ ಗೋಡೆ ಒಡೆದಿದೆ, ಗುತ್ತಿಗೆದಾರನದೇ ತಪ್ಪು’ ಎಂದಾಗಿತ್ತು. ಕನ್ನಡಕ್ಕೆ ಪದಗಳ ಕೊರತೆಯಿಲ್ಲ. ‘ಕಂಡಿತು’, ‘ಇರಬೇಕು’, ‘ಇರಬಹುದು’, ‘ಇರಲಾರದು’ ಎಂಬ ನಾಲ್ಕು ಕ್ರಿಯಾಪದಗಳಲ್ಲೇ ನಾಲ್ಕು ಮಟ್ಟದ ನಂಬಿಕೆಯಿದೆ. ಸಾರಾಂಶ ಓದುವವರು ಕ್ರಿಯಾಪದವನ್ನು ನುಂಗದಿದ್ದರೆ ಸಾಕು. ಕನ್ನಡದಲ್ಲೇ ವಿವರ ಕೇಳುವ ದಾರಿಯೂ ಇದೆ: 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೂ ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೂ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು.

ಯಾವ ಭಾಗ ಯಾವ ಪ್ರಶ್ನೆಗೆ?

ಸಭೆಯಲ್ಲಿ ಎರಡು ಪ್ರಶ್ನೆಗಳು ಒಂದಾಗಿ ಹೆಣೆದುಕೊಂಡಿದ್ದವು: ನಾಳೆ ಮಕ್ಕಳನ್ನು ಎಲ್ಲಿ ಕೂರಿಸುವುದು, ಗೋಡೆಯ ಖರ್ಚು ಯಾರು ಕೊಡುವುದು. ತಪ್ಪು ಯಾರದೆಂದು ತೀರ್ಮಾನವಾಗದೆ ತರಗತಿ ಖಾಲಿ ಮಾಡಿದರೆ ನಮ್ಮ ವಾದ ದುರ್ಬಲವಾಗುತ್ತದೆಂದು ಕೆಲವರು ಅಂಜಿದರು. ತರಗತಿ ಮುಚ್ಚಿದರೆ ಮಕ್ಕಳು ಬೇರೆ ಮಾಧ್ಯಮದ ಶಾಲೆಗೆ ಹೋದಾರು ಎಂಬ ಭಯವೂ ಇತ್ತು. ಅದು ಸುಳ್ಳು ಭಯವಲ್ಲ.

ಆದರೆ ಮೊದಲ ಪ್ರಶ್ನೆಗೆ ಉತ್ತರ ವರದಿಯ ಮೊದಲ ಭಾಗದಲ್ಲೇ ಇದೆ. ಮೂರು ಮೀಟರು ಎತ್ತರದ ಗೋಡೆ, ಒಡೆದ ಗಾಜು, ಎರಡು ಮೀಟರು ದೂರದ ಬಾಗಿಲು. ಕಾರಣ ಯಾವುದೇ ಆಗಿರಲಿ, ಗೋಡೆ ಬಿದ್ದರೆ ಅದರ ಎತ್ತರದಷ್ಟಾದರೂ ದೂರಕ್ಕೆ ಕಲ್ಲು ಉರುಳುತ್ತದೆ. ಹಾಗಾಗಿ ಎರಡೂ ತರಗತಿಗಳನ್ನು ಆ ವಾರವೇ ಸಭಾಂಗಣಕ್ಕೆ ಸ್ಥಳಾಂತರಿಸಿ, ಓಣಿಗೆ ಬೇಲಿ ಹಾಕಿ, ನಳ್ಳಿಯ ನೀರನ್ನು ಚರಂಡಿಗೆ ತಿರುಗಿಸಲಾಯಿತು. ಇದಕ್ಕೆ ಯಾವ ಕಕ್ಷಿಯೂ ಆಕ್ಷೇಪಿಸಲಾಗಲಿಲ್ಲ. ಆ ಅಂಕಿಗಳನ್ನು ಇಬ್ಬರೂ ಒಪ್ಪಿದ್ದರು.

ಎರಡನೆಯ ಪ್ರಶ್ನೆಗೆ ಎರಡನೆಯ ಭಾಗ ಬೇಕಾಯಿತು. ಅದು ಯಾರಿಗೂ ಪೂರ್ಣ ಜಯ ಕೊಡಲಿಲ್ಲ. ಕೊನೆಗೆ ಖರ್ಚನ್ನು ಹಂಚಿಕೊಳ್ಳಲು ಇಬ್ಬರೂ ಒಪ್ಪಿ ರಾಜಿಯಾಯಿತು. 9ರಿಂದ 17ನೆಯ ಮೀಟರಿನವರೆಗಿನ ಭಾಗವನ್ನು ಬೇಸಿಗೆಯಲ್ಲಿ ಬಿಚ್ಚಿ, ಹಿಂದೆ ಜಲ್ಲಿ ತುಂಬಿ, ಮರಳಿ ಕಟ್ಟಿದರು. 6ನೆಯ ಮೀಟರಿನ ನೆಟ್ಟ ಬಿರುಕನ್ನು ಹಾಗೆಯೇ ಬಿಡಲಾಗಿದೆ. ಅದರ ಮೇಲಿನ ಗಾಜಿನ ಪಟ್ಟಿ, ದಿನಾಂಕ ಸಹಿತ, ಇಂದಿಗೂ ಇಡಿಯಾಗಿದೆ.